ಕೆನೆಯ ಮೇಲೆ ಹೊಸ ಹೆಸರು

ಬೇಕರಿಯವರ ಮೊಬೈಲಿನಲ್ಲಿ ಚೆನ್ನಾಗಿ ಬಂದ ಕೇಕ್ ಫೋಟೊ ಒಂದೋ ಎರಡೋ ಇರುತ್ತವೆ. ಅವುಗಳ ಮೇಲೆ ಯಾರದೋ ಹೆಸರಿರುತ್ತದೆ. ಹೊಸ ಗಿರಾಕಿ ಬಂದು, 'ನಮ್ಮ ಅಜ್ಜಿಯ ಹೆಸರು ಹಾಕಿದರೆ ಹೇಗೆ ಕಾಣುತ್ತೆ, ತೋರಿಸಿ' ಎಂದರೆ ಫೋಟೊ ಸ್ಟುಡಿಯೊದ ಹುಡುಗ ಹಳೆಯ ಹೆಸರಿನ ಮೇಲೆ ಬಿಳಿ ಬಣ್ಣ ಬಳಿದು, ಕಂದು ಅಕ್ಷರ ಟೈಪ್ ಮಾಡಿ ಕೊಡುತ್ತಾನೆ. ಅದು ಕೇಕಿನ ಮೇಲೆ ಬರೆದಂತಿರುವುದಿಲ್ಲ, ಫೋಟೊದ ಗಾಜಿಗೆ ಸ್ಟಿಕ್ಕರ್ ಅಂಟಿಸಿದಂತಿರುತ್ತದೆ. ನೋಡಿದವರಿಗೆ ಏನು ತಪ್ಪಾಗಿದೆ ಎಂದು ಹೇಳಲು ಬರದಿದ್ದರೂ ತಪ್ಪಾಗಿದೆ ಎಂದು ಮಾತ್ರ ತಿಳಿಯುತ್ತದೆ.

ತಪ್ಪು ಇರುವುದು ಅಕ್ಷರವನ್ನು ಅಕ್ಷರ ಎಂದುಕೊಂಡದ್ದರಲ್ಲಿ. ಕೇಕಿನ ಮೇಲಿರುವುದು ಕೋನಿನಿಂದ ಹೊರಬಂದ ಕ್ರೀಮಿನ ಅಥವಾ ಚಾಕೊಲೇಟಿನ ಎಳೆ. ಬಾಣಲೆಗೆ ಬಿಟ್ಟ ಜಿಲೇಬಿಯ ಎಳೆಯಂತೆ ಅದಕ್ಕೆ ದಪ್ಪವಿದೆ, ದುಂಡಗಿನ ಬೆನ್ನಿದೆ. ಕೈ ಶುರುಮಾಡಿದ ಕಡೆ ಸಣ್ಣ ಗುಂಡು ನಿಂತಿರುತ್ತದೆ, ಕೈ ಎತ್ತಿದ ಕಡೆ ತೆಳು ಬಾಲ ಉಳಿದಿರುತ್ತದೆ. ಎರಡು ಗೆರೆ ಕೂಡುವಲ್ಲಿ ಒಂದರ ಮೇಲೊಂದು ಮಲಗಿರುತ್ತದೆ. ಇದನ್ನು ಫೋಟೊದಲ್ಲಿ ಕಟ್ಟಿದರೆ ಬೆಳಕು ನೆರಳಿನ ಕೆಲಸ ಅರ್ಧ ಮುಗಿದಂತೆ.

ಒಂದು ಉದಾಹರಣೆ ಹಿಡಿಯೋಣ. ಬಿಳಿ ಕ್ರೀಮಿನ ದುಂಡು ಕೇಕ್. ಎಡಗಡೆ, ಸ್ವಲ್ಪ ಹಿಂದಕ್ಕೆ ಕಿಟಕಿ. ಫೋಟೊದಲ್ಲಿ ಕೇಕಿನ ಮೇಲ್ಮೈ 2000 ಪಿಕ್ಸೆಲ್ ಅಗಲ, 1000 ಪಿಕ್ಸೆಲ್ ಎತ್ತರ. ಚಾಕೊಲೇಟಿನಲ್ಲಿ 'ಹ್ಯಾಪಿ ಬರ್ತ್‌ಡೇ ರವಿ' ಎಂದಿದೆ. ಅದು 'ಅಜ್ಜಿಗೆ ಎಂಬತ್ತು' ಎಂದಾಗಬೇಕು. ನಾನು ಇಲ್ಲಿ ಫೋಟೊಶಾಪ್ ಹಿಡಿದು ಹೇಳುತ್ತೇನೆ. ದುಡ್ಡಿಲ್ಲದೆ ಸಿಗುವ ಗಿಂಪ್‌ನಲ್ಲೂ ಇದೇ ಕೆಲಸದ ಸಾಧನಗಳಿವೆ.

ಮೊದಲು ಹಳೆಯ ಬರಹ ಅಳಿಸಬೇಕು. ಅಳಿಸುವ ಮುನ್ನ ಅದರ ಒಂದು ಪ್ರತಿ ಪಕ್ಕಕ್ಕಿಡಿ. ಎಳೆ ಎಷ್ಟು ದಪ್ಪ, ಹೊಳಪಿನ ಬಣ್ಣ ಯಾವುದು, ನೆರಳು ಎಷ್ಟು ಉದ್ದ ಎಂಬುದನ್ನೆಲ್ಲ ಅದೇ ಹೇಳಿಕೊಡುತ್ತದೆ. ಅಳಿಸುವಾಗ ಅಕ್ಷರದ ಅಂಚಿಗೇ ಸರಿಯಾಗಿ ಆಯ್ಕೆ ಮಾಡಬೇಡಿ. ಅಕ್ಷರ, ಅದರ ನೆರಳು, ಸುತ್ತ ಕ್ರೀಮಿಗೆ ಹತ್ತಿದ ಕಂದು ಛಾಯೆ ಎಲ್ಲವೂ ಸೇರುವಂತೆ ಎಂಟು ಹತ್ತು ಪಿಕ್ಸೆಲ್ ಹೊರಗೆ ಹೋಗಬೇಕು. ಹೀಲಿಂಗ್ ಬ್ರಷ್ ತನ್ನ ಸುತ್ತಲಿನ ಬಣ್ಣವನ್ನು ಒಳಗೆ ಎಳೆದುಕೊಳ್ಳುತ್ತದೆ. ಅಂಚಿನಲ್ಲಿ ಚೂರು ಕಂದು ಉಳಿದರೂ ಕ್ರೀಮಿನ ಮೇಲೆ ಕೊಳಕು ಮಸಿ ಹರಡುತ್ತದೆ.

ಬಿಳಿ ಕ್ರೀಮ್ ಬರೀ ಬಿಳಿಯಲ್ಲ. ಕೇಕನ್ನು ತಿರುಗುಮಣೆಯ ಮೇಲಿಟ್ಟು ಚಪ್ಪಟೆ ಚಾಕುವಿನಿಂದ ಸವರಿರುತ್ತಾರೆ, ಆ ಗೀರುಗಳು ಕೇಂದ್ರದ ಸುತ್ತ ಕಮಾನಾಗಿ ಹರಿದಿರುತ್ತವೆ. ಕ್ಲೋನ್ ಸ್ಟ್ಯಾಂಪಿಗೆ ಮಾದರಿಯನ್ನು ಅದೇ ಕಮಾನಿನ ಉದ್ದಕ್ಕೆ ತೆಗೆದುಕೊಂಡರೆ ಗೀರುಗಳು ಕೂಡಿಕೊಳ್ಳುತ್ತವೆ. ಆದರೆ ಆ ಜಾಗ ಕಿಟಕಿಯಿಂದ ದೂರವಿದ್ದರೆ ಮಂಕಾಗಿರುತ್ತದೆ, ತಂದು ಹಾಕಿದಲ್ಲಿ ತೇಪೆ ಕಾಣುತ್ತದೆ. ಇದಕ್ಕೆ ಉಪಾಯವೆಂದರೆ ಗೀರನ್ನೂ ಬೆಳಕನ್ನೂ ಬೇರೆ ಬೇರೆ ಪದರಗಳಿಗೆ ಒಡೆಯುವುದು. ಚಿತ್ರದ ಎರಡು ಪ್ರತಿ ಮಾಡಿ, ಕೆಳಗಿನದನ್ನು ಗೀರು ಮಾಯವಾಗುವಷ್ಟು, ಸುಮಾರು ಎಂಟು ಪಿಕ್ಸೆಲ್, ಮಸುಕು ಮಾಡಬೇಕು. ಮೇಲಿನ ಪ್ರತಿಯಲ್ಲಿ `Image > Apply Image` ತೆರೆದು, ಮಸುಕಾದ ಪದರವನ್ನು ಆರಿಸಿ `Subtract`, `Scale` 2, `Offset` 128 ಕೊಟ್ಟು, ಬಳಿಕ ಪದರದ ಬೆರಕೆಯನ್ನು `Linear Light` ಮಾಡಬೇಕು. ಈಗ ಮೇಲೆ ಬರೀ ಗೀರು, ಕೆಳಗೆ ಬರೀ ಬೆಳಕು. ಗೀರನ್ನು ಎಲ್ಲಿಂದ ತಂದರೂ ತೇಪೆ ಕಾಣದು. ಕೆಳಗಿನ ಪದರದಲ್ಲಿ ಕಂದು ಕಲೆಯ ಮೇಲೆ ಪಕ್ಕದ ಕ್ರೀಮಿನ ಬಣ್ಣವನ್ನು ಮೃದು ಕುಂಚದಿಂದ ಬಳಿದರಾಯಿತು.

ಇನ್ನು ಬರೆಯುವುದು. ದುಂಡಗಿನ ಮೇಲ್ಮೈ ನಮ್ಮ ಫೋಟೊದಲ್ಲಿ 2000ಕ್ಕೆ 1000 ಆಗಿದೆ, ಅಂದರೆ ಕ್ಯಾಮೆರಾ ಓರೆಯಿಂದ ನೋಡಿದೆ, ಎತ್ತರ ಅರ್ಧಕ್ಕೆ ಇಳಿದಿದೆ. ಅಕ್ಷರದ ಎತ್ತರವೂ ಅರ್ಧಕ್ಕೆ ಇಳಿಯಬೇಕು. ಬಹಳ ಜನ ಇಲ್ಲಿ ಜಾರುತ್ತಾರೆ. ಪೂರ್ತಿ ಬರೆದ ಅಕ್ಷರವನ್ನು ಒತ್ತಿ ಕುಗ್ಗಿಸಿದರೆ ಅಡ್ಡಗೆರೆಗಳು ತೆಳುವಾಗಿ, ನಿಂತ ಗೆರೆಗಳು ದಪ್ಪಗೇ ಉಳಿಯುತ್ತವೆ. ದುಂಡು ಎಳೆ ಹಾಗೆ ಕಾಣುವುದಿಲ್ಲ, ಓರೆಯಿಂದ ನೋಡಿದರೂ ಅದರ ದಪ್ಪ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಆದ್ದರಿಂದ ಪೆನ್ ಟೂಲಿನಲ್ಲಿ ಅಕ್ಷರದ ನಡುಗೆರೆಯನ್ನಷ್ಟೇ ಬಿಡಿಸಿ, ಆ ಗೆರೆಯನ್ನು `Free Transform Path` ಬಳಸಿ ಎತ್ತರದಲ್ಲಿ 50 ಪ್ರತಿಶತಕ್ಕೆ ಕುಗ್ಗಿಸಿ, ಆಮೇಲೆ ಅದರ ಮೇಲೆ ದುಂಡು ಕುಂಚ ಓಡಿಸಬೇಕು. ಹಳೆಯ ಎಳೆ 24 ಪಿಕ್ಸೆಲ್ ಇದ್ದರೆ ಕುಂಚವೂ 24. ಶುರುವಿನಲ್ಲಿ 28ರ ಒಂದು ಚುಕ್ಕೆ ಇಟ್ಟರೆ ಕೋನ್ ತಾಗಿದ ಗುಂಡು ಸಿಕ್ಕಿತು.

ನಡುಗೆರೆಗೆ ಫಾಂಟ್ ನಂಬುವುದಕ್ಕಿಂತ ಕೇಕ್ ಮಾಸ್ಟರರ ಕೈಬರಹ ನೋಡಿ ಬರೆಯುವುದು ಮೇಲು. ಫೋಟೊಶಾಪಿನ ಹಳೆಯ ಆವೃತ್ತಿಗಳಲ್ಲಿ ಕನ್ನಡದ ಒತ್ತಕ್ಷರ ಒಡೆದು ಪಕ್ಕಕ್ಕೆ ಬೀಳುವ ಕಾಟವೂ ಇದೆ. ಕೋನಿನಲ್ಲಿ ಬರೆಯುವವರು 'ಜ್ಜಿ'ಯ, 'ತ್ತು'ವಿನ ಒತ್ತನ್ನು ಕೈ ಎತ್ತಿ ಬೇರೆ ಎಳೆಯಾಗಿ ಹಾಕುತ್ತಾರೆ. ನೀವೂ ಒತ್ತನ್ನು ಬೇರೆ ಪದರದಲ್ಲಿ ಹಾಕಿ. ಅದು ಮೇಲಿನ ಅಕ್ಷರಕ್ಕೆ ತಾಗಿದ ಕಡೆ ಒಂದರ ಮೇಲೊಂದು ಕೂತದ್ದು ಆಗ ಮಾತ್ರ ಕಾಣುತ್ತದೆ.

ಮೇಲ್ಮೈಯ ಏರಿಳಿತಕ್ಕೆ ಅಕ್ಷರ ಬಾಗಿಸಲು `Displace` ಎಂಬ ಫಿಲ್ಟರ್ ಇದೆ. ಚಿತ್ರದ ಕಪ್ಪುಬಿಳುಪು ಪ್ರತಿಯನ್ನು ಅದು ನಕ್ಷೆಯಂತೆ ಓದುತ್ತದೆ. ನಡುಬೂದು, ಅಂದರೆ 128, ಇದ್ದಲ್ಲಿ ಕದಲಿಸುವುದಿಲ್ಲ, ಅದಕ್ಕಿಂತ ಕಪ್ಪಿದ್ದರೆ ಒಂದು ಕಡೆಗೆ, ಬೆಳ್ಳಗಿದ್ದರೆ ಇನ್ನೊಂದು ಕಡೆಗೆ ತಳ್ಳುತ್ತದೆ. ಟಿ-ಶರ್ಟಿನ ಮೇಲೆ ಅಕ್ಷರ ಕೂರಿಸಲು ಇದು ಸೊಗಸಾದ ಸಾಧನ. ಕೇಕಿಗೆ ಹಾಗೇ ಬಳಸಿದರೆ ಕೆಡುತ್ತದೆ. ಬಟ್ಟೆಯ ಬಣ್ಣ ಎಳೆ ಎಳೆಗೂ ಇಳಿಯುತ್ತದೆ, ಕ್ರೀಮಿನ ಎಳೆಯೋ ಸಣ್ಣ ಗೀರುಗಳನ್ನು ದಾಟಿ ಮೇಲೆ ಮಲಗುತ್ತದೆ. ಪ್ರತಿ ಚಾಕು ಗೀರಿಗೂ ನಡುಗುವ ಅಕ್ಷರ ಸುಳ್ಳು. ನಕ್ಷೆಯನ್ನು ಗೀರು ಕಾಣದಷ್ಟು ಮಸುಕು ಮಾಡಿ, ಅಳತೆಯನ್ನು ನಾಲ್ಕೈದಕ್ಕೆ ಇಟ್ಟರೆ ದೊಡ್ಡ ಉಬ್ಬುತಗ್ಗುಗಳಿಗೆ ಮಾತ್ರ ಅದು ಬಾಗುತ್ತದೆ. ಇನ್ನೊಂದು ಎಚ್ಚರ: ಈ ಫಿಲ್ಟರಿಗೆ ಎತ್ತರ ಗೊತ್ತಿಲ್ಲ, ಗೊತ್ತಿರುವುದು ಬೆಳಕು ಮಾತ್ರ. ಚೆರಿ ಹಣ್ಣಿನ ನೆರಳನ್ನು ಅದು ಹಳ್ಳವೆಂದೇ ತಿಳಿಯುತ್ತದೆ. ಅಂಥ ನೆರಳುಗಳನ್ನು ನಕ್ಷೆಯಲ್ಲಿ ಮೊದಲೇ ಒರೆಸಬೇಕು.

ಬೆಳಕಿಗೆ `Bevel & Emboss`. `Use Global Light` ಗುರುತು ತೆಗೆದು, ಕೋನವನ್ನು ಫೋಟೊ ನೋಡಿ ಕೊಡಿ. ಅಲ್ಲಿ 180 ಅಂದರೆ ಎಡ, 90 ಅಂದರೆ ಮೇಲೆ. ನಮ್ಮ ಕಿಟಕಿಗೆ 150 ಸರಿಹೊಂದುತ್ತದೆ. ಹೊಳಪನ್ನು ಅಚ್ಚ ಬಿಳಿ ಬಿಡಬೇಡಿ, ಪಕ್ಕಕ್ಕಿಟ್ಟ ಹಳೆಯ ಅಕ್ಷರದಿಂದ ಬಣ್ಣ ಹೀರಿಕೊಳ್ಳಿ. ನೆರಳನ್ನು ಕಪ್ಪು ಮಾಡುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಬೆಳಕು ಕ್ರೀಮಿನ ಒಳಕ್ಕೆ ಇಳಿದು ಚದುರಿ ಮತ್ತೆ ಹೊರಬರುತ್ತದೆ, ಹಾಗಾಗಿ ಅದರ ಮೇಲಿನ ನೆರಳು ಬೆಚ್ಚಗಿನ ಬೂದು ಬಣ್ಣಕ್ಕೆ ತಿರುಗಿ, ಅಂಚು ಮೆತ್ತಗಿರುತ್ತದೆ. ಎಳೆ ಕ್ರೀಮಿಗೆ ತಾಗುವ ಜಾಗದಲ್ಲಿ ಮಾತ್ರ ಎರಡು ಮೂರು ಪಿಕ್ಸೆಲ್ಲಿನ ಗಾಢ ಗೆರೆ ಬೇಕು. ಅದಿಲ್ಲದಿದ್ದರೆ ಅಕ್ಷರ ಗಾಳಿಯಲ್ಲಿ ತೇಲುತ್ತದೆ.

ಕೊನೆಗೆ ಚಿತ್ರವನ್ನು ಎಡಬಲ ತಿರುಗಿಸಿ ನೋಡಿ. ಓದುವ ಅಭ್ಯಾಸ ತಪ್ಪಿದಾಗ ಕಣ್ಣು ಅಕ್ಷರ ಬಿಟ್ಟು ಆಕಾರ ನೋಡುತ್ತದೆ. ಹೊಸ ಎಳೆ ಸುತ್ತಲಿಗಿಂತ ಚೂಪಾಗಿದ್ದರೆ ಅರ್ಧ ಪಿಕ್ಸೆಲ್ ಮಸುಕು, ಫೋಟೊದಲ್ಲಿರುವಷ್ಟೇ ನಾಯ್ಸ್ ಸೇರಿಸಿ. ವಾಟ್ಸ್ಆ್ಯಪ್‌ನಲ್ಲಿ ಬಂದ ಫೋಟೊ ಬೇಡ. ಅದರಲ್ಲಿ ಸಂಕೋಚನದ ಚೌಕಗಳಿರುತ್ತವೆ, ನಿಮ್ಮ ಹೊಸ ಅಕ್ಷರದಲ್ಲಿ ಇರುವುದಿಲ್ಲ. ಮೂಲ ಫೈಲನ್ನೇ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಗಿರಾಕಿಗೆ ತೋರಿಸುವಾಗ ಮೂಲೆಯಲ್ಲಿ 'ಮಾದರಿ ಚಿತ್ರ' ಎಂದು ಬರೆಯುವುದು ಒಳ್ಳೆಯದು, ನಾಳೆ ಬರುವ ಕೇಕಿನ ಅಕ್ಷರ ಇಷ್ಟೇ ನೆಟ್ಟಗಿರುತ್ತದೆಂಬ ಖಾತ್ರಿ ಯಾರಿಗೂ ಇಲ್ಲ.

ಕನ್ನಡಿಯಂತೆ ಹೊಳೆಯುವ ಗ್ಲೇಜ್ ಹಾಕಿದ ಕೇಕಿಗೆ ಈ ವಿಧಾನ ನಡೆಯುವುದಿಲ್ಲ. ಅಲ್ಲಿ ಅಕ್ಷರದ ಪ್ರತಿಬಿಂಬವೂ ಬೀಳುತ್ತದೆ, ಕಿಟಕಿಯ ಬಿಂಬವೂ ಬೀಳುತ್ತದೆ. ಅಂಥ ಫೋಟೊ ಕೈಗೆ ಬಂದರೆ ದಿನವಿಡೀ ತಿದ್ದುತ್ತ ಕೂರುವ ಬದಲು ಅದೇ ಗ್ಲೇಜ್ ಸುರಿದ ತಟ್ಟೆಯ ಮೇಲೆ ಕೋನಿನಲ್ಲಿ ಬರೆಸಿ, ಅದೇ ಕಿಟಕಿಯ ಪಕ್ಕ ಹೊಸದಾಗಿ ಫೋಟೊ ತೆಗೆಯುವುದೇ ಬೇಗ.