‘ನೋ ಕಾಸ್ಟ್’ ಕಂತಿಗೂ 418 ರೂಪಾಯಿ ಖರ್ಚು

ಮೊಬೈಲ್ ಅಂಗಡಿಯ ಫಲಕದಲ್ಲಿ 24,000 ರೂಪಾಯಿಯ ಫೋನ್ ಇದೆ. ಕೆಳಗೆ ‘ನೋ ಕಾಸ್ಟ್ ಇಎಂಐ, ತಿಂಗಳಿಗೆ 4,000, ಆರು ಕಂತು’ ಎಂದು ಬರೆದಿದ್ದಾರೆ. ಆರು ನಾಲ್ಕಲೆ ಇಪ್ಪತ್ತನಾಲ್ಕು, ಲೆಕ್ಕ ಸರಿಯಾಗಿದೆ. ಆದರೆ ಕ್ರೆಡಿಟ್ ಕಾರ್ಡ್‌ನಲ್ಲಿ ಕೊಂಡವರಿಗೆ ಮೊದಲ ತಿಂಗಳು ಬರುವ ಬಿಲ್ಲು 4,000 ಅಲ್ಲ, ಸುಮಾರು 4,287. ಹೆಚ್ಚಿನ 287 ರೂಪಾಯಿ ಎಲ್ಲಿಂದ ಬಂತು?

ಬ್ಯಾಂಕು ಬಡ್ಡಿಯಿಲ್ಲದೆ ಸಾಲ ಕೊಡುವುದಿಲ್ಲ. ಶೂನ್ಯ ಬಡ್ಡಿ ಎಂಬುದೇ ಇಲ್ಲ, ಬಡ್ಡಿಯನ್ನು ಬೇರೆ ಹೆಸರಿನಲ್ಲಿ ಗ್ರಾಹಕರಿಂದ ಪಡೆಯಲಾಗುತ್ತಿದೆ ಎಂದು ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರ್‌ನಲ್ಲೇ ಬ್ಯಾಂಕುಗಳನ್ನು ಎಚ್ಚರಿಸಿತ್ತು. ಈಗಿನ ನೋ ಕಾಸ್ಟ್ ವ್ಯವಸ್ಥೆಯಲ್ಲಿ ಬ್ಯಾಂಕು ಬಡ್ಡಿ ಹಾಕುತ್ತದೆ. ಅಷ್ಟೇ ಮೊತ್ತವನ್ನು ಫೋನ್ ಕಂಪನಿ ಅಥವಾ ಮಾರಾಟಗಾರರು ಮೊದಲೇ ರಿಯಾಯಿತಿಯಾಗಿ ಬೆಲೆಯಲ್ಲಿ ಕಳೆಯುತ್ತಾರೆ.

ನಮ್ಮ ಫೋನಿನ ಸಾಲಕ್ಕೆ ವರ್ಷಕ್ಕೆ ಶೇ. 15ರ ಬಡ್ಡಿ ಎಂದುಕೊಳ್ಳೋಣ. ಆಗ ರಿಯಾಯಿತಿ 1,016 ರೂಪಾಯಿ ಆಗುತ್ತದೆ. ಅದು ಕಳೆದು ಉಳಿದ 22,984 ರೂಪಾಯಿ ನಿಮ್ಮ ಹೆಸರಿನ ಸಾಲ. ಅದಕ್ಕೆ ಆರು ತಿಂಗಳಲ್ಲಿ ಬೀಳುವ ಬಡ್ಡಿಯೂ 1,016. ಎರಡೂ ಸೇರಿ ಮತ್ತೆ 24,000. ಇಲ್ಲಿಯವರೆಗೆ ನಿಮಗೆ ನಷ್ಟವಿಲ್ಲ.

ಖರ್ಚು ಶುರುವಾಗುವುದು ತೆರಿಗೆಯಿಂದ. ಕ್ರೆಡಿಟ್ ಕಾರ್ಡ್ ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ ಇದೆ. ಬಡ್ಡಿಯಷ್ಟು ಹಣವನ್ನು ಮಾರಾಟಗಾರರು ಬಿಟ್ಟುಕೊಟ್ಟರೂ ಅದರ ಮೇಲಿನ ತೆರಿಗೆಯನ್ನು ನೀವೇ ಕಟ್ಟಬೇಕು. 1,016ಕ್ಕೆ ಅದು 183 ರೂಪಾಯಿ. ಇದರ ಜೊತೆಗೆ ಬ್ಯಾಂಕಿನ ಪ್ರೊಸೆಸಿಂಗ್ ಫೀ. ಅದು 199 ರೂಪಾಯಿ ಇದ್ದರೆ, ಅದಕ್ಕೂ ಶೇ. 18 ಜಿಎಸ್‌ಟಿ ಸೇರಿ ಸುಮಾರು 235. ಒಟ್ಟು ಹೆಚ್ಚುವರಿ 418 ರೂಪಾಯಿ. 24,000ದ ಫೋನಿಗೆ ನೀವು ಕೊಟ್ಟದ್ದು 24,418.

ಪ್ರೊಸೆಸಿಂಗ್ ಫೀ ಸಾಮಾನ್ಯವಾಗಿ ಮೊದಲ ಬಿಲ್ಲಿನಲ್ಲೇ ಬರುತ್ತದೆ. ಆ ತಿಂಗಳ ಬಡ್ಡಿ 287 ರೂಪಾಯಿ, ಅದರ ತೆರಿಗೆ 52. ಈ 52 ಮತ್ತು ಫೀಯ 235 ಸೇರಿಯೇ ಬಿಲ್ಲು 4,287 ಆದದ್ದು. ಅಸಲು ಕರಗಿದಂತೆ ಬಡ್ಡಿಯೂ ತೆರಿಗೆಯೂ ಇಳಿಯುತ್ತವೆ. ಎರಡನೇ ತಿಂಗಳು 4,043, ಕೊನೆಯ ತಿಂಗಳು 4,009 ಕಟ್ಟಿದರೆ ಸಾಲ ತೀರುತ್ತದೆ. ಇದೇ ಫೋನನ್ನು ಹನ್ನೆರಡು ಕಂತಿಗೆ ಕೊಂಡರೆ ತಿಂಗಳ ಕಂತು 2,000ಕ್ಕೆ ಇಳಿಯುತ್ತದೆ, ಹೆಚ್ಚುವರಿ ಮಾತ್ರ 566ಕ್ಕೆ ಏರುತ್ತದೆ.

ಆರು ತಿಂಗಳ ಸಾಲಕ್ಕೆ 418 ರೂಪಾಯಿ ಎಂದರೆ ವರ್ಷಕ್ಕೆ ಹೆಚ್ಚುಕಡಿಮೆ ಶೇ. 6ರ ಬಡ್ಡಿ. ಕೈಯಲ್ಲಿ ಹಣವಿಲ್ಲದವರಿಗೆ ಇದು ದುಬಾರಿಯಲ್ಲ. ನಿಜವಾಗಿ ಜೇಬಿಗೆ ಹೊರೆಯಾಗುವುದು ಬಿಟ್ಟುಹೋದ ರಿಯಾಯಿತಿ. ಒಂದೇ ಸಲ ಪೂರ್ತಿ ಹಣ ಕೊಟ್ಟರೆ ಅದೇ ಫೋನ್ 23,000ಕ್ಕೆ ಸಿಗುವಂತಿದ್ದರೆ, ಕಂತಿನವರು ಹೆಚ್ಚು ಕೊಟ್ಟದ್ದು 418 ಅಲ್ಲ, 1,418. ಆಗ ಬಡ್ಡಿ ವರ್ಷಕ್ಕೆ ಶೇ. 21ರ ಹತ್ತಿರ ಹೋಗುತ್ತದೆ. ಆದ್ದರಿಂದ ಹೋಲಿಸಬೇಕಾದದ್ದು ಫಲಕದ ಬೆಲೆಯ ಜೊತೆಗಲ್ಲ, ಆ ದಿನ ಪೂರ್ತಿ ಹಣ ಕೊಟ್ಟರೆ ಸಿಗುವ ಬೆಲೆಯ ಜೊತೆಗೆ. ‘ಇವತ್ತೇ ಪೂರ್ತಿ ಕೊಟ್ಟರೆ ಕೊನೆಯ ರೇಟು ಎಷ್ಟು?’ ಎಂದು ಇಎಂಐ ಮಾತು ಎತ್ತುವ ಮೊದಲೇ ಕೇಳಿ. ಆನ್‌ಲೈನ್ ಆದರೆ ಅದೇ ಕಾರ್ಡಿಗೆ ಪೂರ್ತಿ ಪಾವತಿಯ ರಿಯಾಯಿತಿ ಇದೆಯೇ ನೋಡಿ.

ಮಧ್ಯದಲ್ಲಿ ಲೆಕ್ಕ ತಪ್ಪುವುದೂ ಉಂಟು. ಫೋನ್ ಹಿಂತಿರುಗಿಸಿದರೂ ಪ್ರೊಸೆಸಿಂಗ್ ಫೀ ಸಾಮಾನ್ಯವಾಗಿ ವಾಪಸು ಬರುವುದಿಲ್ಲ. ಅವಧಿಗೆ ಮೊದಲೇ ಸಾಲ ತೀರಿಸಿದರೆ ಅನೇಕ ಬ್ಯಾಂಕುಗಳು ಉಳಿದ ಅಸಲಿನ ಮೇಲೆ ಶುಲ್ಕ ಹಾಕುತ್ತವೆ. ತಿಂಗಳ ಕಂತು ಕಾರ್ಡಿನ ಬಿಲ್ಲಿನಲ್ಲೇ ಸೇರಿರುತ್ತದೆ. ಆ ಬಿಲ್ಲನ್ನು ಪೂರ್ತಿ ಕಟ್ಟದೆ ಕನಿಷ್ಠ ಮೊತ್ತವನ್ನಷ್ಟೇ ಕಟ್ಟಿದರೆ ಬಾಕಿಗೆ ಕಾರ್ಡಿನ ಮಾಮೂಲಿ ಬಡ್ಡಿ ಬೀಳುತ್ತದೆ. ಅದು ಶೇ. 15ಕ್ಕಿಂತ ಬಹಳ ಹೆಚ್ಚು.

ಒಪ್ಪಿಗೆ ಕೊಡುವ ಮುನ್ನ ಮೂರು ಅಂಕಿಗಳನ್ನು ಬರೆದುಕೊಳ್ಳಿ: ಪೂರ್ತಿ ಹಣ ಕೊಟ್ಟರೆ ಆಗುವ ಬೆಲೆ, ಬಡ್ಡಿ ಎಂದು ತೋರಿಸಿದ ಮೊತ್ತ, ಪ್ರೊಸೆಸಿಂಗ್ ಫೀ. ಬಡ್ಡಿ ಮತ್ತು ಫೀ ಎರಡರ ಮೊತ್ತಕ್ಕೆ ಶೇ. 18 ಲೆಕ್ಕ ಹಾಕಿ, ಅದಕ್ಕೆ ಫೀ ಕೂಡಿಸಿ, ಕಂತುಗಳ ಒಟ್ಟು ಮೊತ್ತಕ್ಕೆ ಸೇರಿಸಿ. ಅದರಿಂದ ಮೊದಲ ಅಂಕಿಯನ್ನು ಕಳೆದರೆ ಉಳಿಯುವುದೇ ಈ ಸಾಲಕ್ಕೆ ನೀವು ಕೊಡುವ ಬೆಲೆ.