ಓದಿದಷ್ಟೂ ಮುಗಿಯದ ಓದು: ಪಿಎಚ್‌ಡಿಯ ಮೊದಲ ವರ್ಷಕ್ಕೆ ಮೂರು ಪುಸ್ತಕ

ಪಿಎಚ್‌ಡಿಗೆ ಹೊಸದಾಗಿ ಸೇರಿದವರಿಗೆ ಗೈಡ್ ಹೇಳುವ ಮೊದಲ ಮಾತು ಸಾಮಾನ್ಯವಾಗಿ ಒಂದೇ: ‘ಮೊದಲು ಲಿಟರೇಚರ್ ರಿವ್ಯೂ ಮಾಡಿ.’ ವಿದ್ಯಾರ್ಥಿ ಗೂಗಲ್ ಸ್ಕಾಲರ್ ತೆರೆಯುತ್ತಾನೆ, ಶೋಧಗಂಗಾದಲ್ಲಿ ಹಳೆಯ ಪ್ರಬಂಧಗಳನ್ನು ಹುಡುಕುತ್ತಾನೆ, ಸಿಕ್ಕಿದ್ದನ್ನೆಲ್ಲ ಡೌನ್‌ಲೋಡ್ ಮಾಡುತ್ತಾನೆ. ಆರು ತಿಂಗಳು ಕಳೆಯುವಷ್ಟರಲ್ಲಿ ಲ್ಯಾಪ್‌ಟಾಪಿನಲ್ಲಿ ನೂರಾರು ಪಿಡಿಎಫ್ ಸೇರಿರುತ್ತವೆ, ಬರೆದದ್ದು ಮಾತ್ರ ಒಂದು ಪುಟವೂ ಇರುವುದಿಲ್ಲ. ಕೋರ್ಸ್ ವರ್ಕ್‌ನಲ್ಲಿ ಸಂಶೋಧನಾ ವಿಧಾನದ ಪತ್ರಿಕೆ ಇರುತ್ತದೆ, ನಿಜ. ಅದಕ್ಕಾಗಿ ಓದುವ ಸಿ.ಆರ್. ಕೋಥಾರಿಯವರಂಥ ಪಠ್ಯಗಳು ಸ್ಯಾಂಪ್ಲಿಂಗ್ ಮತ್ತು ಪ್ರಾಕ್ಕಲ್ಪನಾ ಪರೀಕ್ಷೆಗಳನ್ನು ಚೆನ್ನಾಗಿಯೇ ಕಲಿಸುತ್ತವೆ. ಆದರೆ ಈ ನೂರಾರು ಲೇಖನಗಳಲ್ಲಿ ಯಾವುದನ್ನು ಬಿಡಬೇಕು ಎಂಬುದಕ್ಕೆ ಅವುಗಳಲ್ಲಿ ಉತ್ತರ ಸಿಗುವುದು ಕಷ್ಟ.

ಬಿಡುವುದನ್ನು ಕಲಿಸುವ ಪುಸ್ತಕಗಳು ಬೇರೆ ಇವೆ. ನನ್ನ ಆಯ್ಕೆಯಲ್ಲಿ ಅಂಥವು ಮೂರು. ಅದಕ್ಕಿಂತ ಹೆಚ್ಚು ಹೇಳುವುದಿಲ್ಲ, ಏಕೆಂದರೆ ವಿಧಾನದ ಪುಸ್ತಕಗಳನ್ನೇ ಒಂದರ ಮೇಲೊಂದು ಓದುತ್ತಾ ಕೂರುವುದೂ ಬರೆಯದೇ ಇರಲು ಒಳ್ಳೆಯ ನೆಪ.

ಮೊದಲನೆಯದು ಅಮೆರಿಕದ ಸಮಾಜಶಾಸ್ತ್ರಜ್ಞ ಹೋವರ್ಡ್ ಬೆಕರ್ 1986ರಲ್ಲಿ ಪ್ರಕಟಿಸಿದ ‘ರೈಟಿಂಗ್ ಫಾರ್ ಸೋಶಿಯಲ್ ಸೈಂಟಿಸ್ಟ್ಸ್’. ಅದರ ಎಂಟನೇ ಅಧ್ಯಾಯದ ಹೆಸರೇ ‘ಟೆರರೈಸ್ಡ್ ಬೈ ದ ಲಿಟರೇಚರ್’. ನಾನು ಹೇಳಬೇಕೆಂದಿರುವುದನ್ನು ಯಾರೋ ಆಗಲೇ ಹೇಳಿಬಿಟ್ಟಿರಬಹುದು, ವೈವಾ ದಿನ ಯಾರಾದರೂ ಎದ್ದು ‘ಇಂಥವರನ್ನು ಓದಿಲ್ಲವೇ?’ ಎಂದು ಕೇಳಬಹುದು ಎಂಬ ಭಯವನ್ನು ಬೆಕರ್ ಅಲ್ಲಿ ಬಿಡಿಸಿ ನೋಡುತ್ತಾರೆ. ಅವರ ಸಲಹೆ ಒಬ್ಬ ಬಡಗಿಯ ಲೆಕ್ಕಾಚಾರದಂತಿದೆ. ಮೇಜು ಮಾಡುವವನು ನಕ್ಷೆಯನ್ನು ತಾನೇ ಹಾಕುತ್ತಾನೆ, ಕೆಲವು ಭಾಗಗಳನ್ನು ತಾನೇ ಕೊರೆಯುತ್ತಾನೆ, ಆದರೆ ಕಾಲು ಮತ್ತು ಹಿಡಿಕೆಗಳನ್ನು ಅಂಗಡಿಯಿಂದ ತಂದು ಜೋಡಿಸಬಹುದು. ಹಿಂದಿನವರ ಬರಹ ಹಾಗೆ ತಂದು ಜೋಡಿಸುವ ಸಿದ್ಧ ಭಾಗ. ನಕ್ಷೆ ಇಲ್ಲದೆ ಅಂಗಡಿಗೆ ಹೋದವನಿಗೆ ಅಲ್ಲಿರುವುದೆಲ್ಲವೂ ಬೇಕೆನಿಸುತ್ತದೆ.

ಅಧ್ಯಾಯದ ಬೆಲೆಬಾಳುವ ಭಾಗ ಮಾತ್ರ ಇದರ ನಂತರ ಬರುತ್ತದೆ. ಹಿಂದಿನ ಬರಹಕ್ಕೆ ಅತಿಯಾಗಿ ಗಮನ ಕೊಟ್ಟರೆ ನಮ್ಮ ವಾದದ ಆಕಾರವೇ ಕೆಡುತ್ತದೆ ಎನ್ನುವ ಬೆಕರ್, ತಮ್ಮನ್ನೇ ಉದಾಹರಣೆಯಾಗಿ ತೆಗೆದುಕೊಳ್ಳುತ್ತಾರೆ. 1950ರ ದಶಕದ ಆರಂಭದಲ್ಲಿ ಅವರು ಗಾಂಜಾ ಸೇದುವವರ ಬಗ್ಗೆ ಅಧ್ಯಯನ ಮಾಡಿದರು. ಆಗ ಎಲ್ಲರೂ ಕೇಳುತ್ತಿದ್ದ ಪ್ರಶ್ನೆ ಒಂದೇ: ಜನ ಇದನ್ನು ಏಕೆ ಸೇದುತ್ತಾರೆ, ಅವರ ಮನಸ್ಸಿನಲ್ಲಿ ಯಾವ ದೋಷವಿದೆ? ಬೆಕರ್ ಸೇದುವವರನ್ನು ಮಾತನಾಡಿಸಿದಾಗ ಕಂಡದ್ದು ಬೇರೆ. ಅಮಲನ್ನು ಗುರುತಿಸುವುದನ್ನೂ ಅದನ್ನು ಸುಖವೆಂದು ಭಾವಿಸುವುದನ್ನೂ ಹೊಸಬರು ಹಳಬರಿಂದ ಕಲಿಯುತ್ತಿದ್ದರು. 1953ರಲ್ಲಿ ಪ್ರಕಟವಾದ ಆ ಲೇಖನ ಇಂದಿಗೂ ಪ್ರಸಿದ್ಧ. ಆದರೂ ಬೆಕರ್‌ಗೆ ಅದರ ಬಗ್ಗೆ ಅಸಮಾಧಾನವಿತ್ತು. ಮನೋದೋಷದ ವಾದ ತಪ್ಪು ಎಂದು ಸಾಬೀತುಪಡಿಸುವ ಹುಮ್ಮಸ್ಸಿನಲ್ಲಿ, ತಮ್ಮ ಕೈಯಲ್ಲೇ ಇದ್ದ ಹೆಚ್ಚು ದೊಡ್ಡ ಪ್ರಶ್ನೆಯನ್ನು, ಅಂದರೆ ಮನುಷ್ಯರು ತಮ್ಮ ದೇಹದ ಅನುಭವಕ್ಕೆ ಹೇಗೆ ಅರ್ಥ ಕಟ್ಟಿಕೊಳ್ಳುತ್ತಾರೆ ಎಂಬುದನ್ನು, ಅರ್ಧಕ್ಕೇ ಬಿಟ್ಟೆ ಎಂಬುದು ಅವರ ಕೊರಗು. ವಿರೋಧಿಸಲು ಹೋದರೂ ಪ್ರಶ್ನೆ ಎದುರಾಳಿಯದೇ ಆಗಿ ಉಳಿಯಿತು.

ಹಾಗಾದರೆ ನಕ್ಷೆ, ಅಂದರೆ ನಮ್ಮದೇ ಪ್ರಶ್ನೆ, ಬರುವುದು ಎಲ್ಲಿಂದ? ಇಲ್ಲಿ ಎರಡನೆಯ ಪುಸ್ತಕ ನೆರವಿಗೆ ಬರುತ್ತದೆ. ವೇಯ್ನ್ ಬೂತ್, ಗ್ರೆಗರಿ ಕೊಲಂಬ್ ಮತ್ತು ಜೋಸೆಫ್ ವಿಲಿಯಮ್ಸ್ ಬರೆದ ‘ದ ಕ್ರಾಫ್ಟ್ ಆಫ್ ರಿಸರ್ಚ್’ 1995ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದ ಪ್ರೆಸ್‌ನಿಂದ ಬಂತು. ವಿಷಯವನ್ನು ಪ್ರಶ್ನೆಯಾಗಿಸಲು ಅದು ಮೂರು ಹೆಜ್ಜೆ ಹೇಳುತ್ತದೆ: ಏನನ್ನು ಅಧ್ಯಯನ ಮಾಡುತ್ತಿದ್ದೇನೆ, ಅದರಲ್ಲಿ ಯಾವುದು ತಿಳಿಯಬೇಕಿದೆ, ತಿಳಿದರೆ ಓದುಗನಿಗೆ ಇನ್ನೇನು ಅರ್ಥವಾಗುತ್ತದೆ.

ಇದನ್ನು ನಮ್ಮದೇ ನೆಲದ ವಿಷಯಕ್ಕೆ ಹಚ್ಚಿ ನೋಡೋಣ. ಒಬ್ಬಳು ವಿದ್ಯಾರ್ಥಿನಿ ‘ಕೋಲಾರದ ಕೆರೆಗಳು’ ಎಂಬ ವಿಷಯ ಆರಿಸಿಕೊಂಡಳು ಎಂದುಕೊಳ್ಳಿ. ಹುಡುಕಿದರೆ ಶಾಸನಗಳಿಂದ ಹಿಡಿದು ಅಂತರ್ಜಲ, ಹೂಳು, ಒತ್ತುವರಿ, ಮೀನುಗಾರಿಕೆಯವರೆಗೆ ರಾಶಿ ರಾಶಿ ಸಿಗುತ್ತದೆ. ಮೊದಲ ಹೆಜ್ಜೆಯಲ್ಲಿ ಅವಳು ವಿಷಯವನ್ನು ಕಿರಿದು ಮಾಡುತ್ತಾಳೆ: 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಹರಿದುಬಂದ ಕೆರೆಗಳು. ಇಷ್ಟಾದರೂ ನೀರಿನ ಗುಣಮಟ್ಟದ ಬಗೆಗಿನ ಬರಹಗಳೆಲ್ಲ ಉಳಿದೇ ಇರುತ್ತವೆ. ಎರಡನೇ ಹೆಜ್ಜೆ ಪ್ರಶ್ನೆ: ಈ ನೀರಿರುವುದು ಅಂತರ್ಜಲ ಮರುಪೂರಣಕ್ಕೆ, ತೂಬಿನಿಂದ ನೇರವಾಗಿ ಗದ್ದೆಗೆ ಬಿಡುವಂತಿಲ್ಲ. ಹಾಗಿರುವಾಗ ಒಂದು ಕಾಲಕ್ಕೆ ತೂಬು ತೆರೆದು ಸರದಿಯ ಮೇಲೆ ನೀರು ಹಂಚುತ್ತಿದ್ದ ನೀರಗಂಟಿಯ ಸ್ಥಾನದಲ್ಲಿ ಈಗ ಹಂಚಿಕೆಯನ್ನು ಯಾರು ತೀರ್ಮಾನಿಸುತ್ತಾರೆ? ಮೂರನೆಯದು: ಇದು ತಿಳಿದರೆ, ಕೆರೆಯ ನೀರು ಕೊಳವೆಬಾವಿಯ ನೀರಾದಾಗ ಊರಿನ ಹಕ್ಕು ಬಾವಿಯ ಮಾಲೀಕನ ಹಕ್ಕಾಗುತ್ತದೆಯೇ ಎಂಬುದು ಅರ್ಥವಾಗುತ್ತದೆ.

ಈ ಪ್ರಶ್ನೆ ಬಂದ ಕೂಡಲೇ ಭಾರಲೋಹಗಳ ಬಗೆಗಿನ ಲೇಖನಗಳು ಒಂದು ಪ್ಯಾರಾಕ್ಕೆ ಇಳಿಯುತ್ತವೆ. ನೀರಗಂಟಿಗಳ ಬಗ್ಗೆ, ಅಂತರ್ಜಲದ ಒಡೆತನದ ಬಗ್ಗೆ ಬರೆದವರು ಮುಂದಕ್ಕೆ ಬರುತ್ತಾರೆ. ಹಾಗೆಯೇ, ಸಾಮುದಾಯಿಕ ಸಂಪನ್ಮೂಲಗಳ ಬಗ್ಗೆ ಬರೆದ ಎಲಿನಾರ್ ಆಸ್ಟ್ರಮ್ ಅವರಂಥವರ ಓದು ಬೇಕಾಗುತ್ತದೆ.

ಉಳಿದದ್ದನ್ನು ಓದುವ, ಬರೆದಿಡುವ ಕ್ರಮಕ್ಕೆ ಮೂರನೆಯ ಪುಸ್ತಕ: ಇಟಲಿಯ ಉಂಬೆರ್ತೋ ಎಕೋ 1977ರಲ್ಲಿ ತಮ್ಮ ವಿದ್ಯಾರ್ಥಿಗಳಿಗಾಗಿ ಬರೆದದ್ದು. ಇಂಗ್ಲಿಷ್‌ಗೆ ‘ಹೌ ಟು ರೈಟ್ ಎ ಥೀಸಿಸ್’ ಎಂಬ ಹೆಸರಿನಲ್ಲಿ ಬಂದದ್ದು 2015ರಲ್ಲಿ. ಜೆರಾಕ್ಸ್ ಮಾಡಿಸಿಕೊಂಡರೆ ಓದಿಯೇಬಿಟ್ಟೆವು ಎಂಬ ಭ್ರಮೆ ಬರುತ್ತದೆ ಎಂದು ಎಕೋ ಆಗಲೇ ಎಚ್ಚರಿಸಿದ್ದರು. ಪಿಡಿಎಫ್ ಕಾಲದವರು ತಲೆತಗ್ಗಿಸಬೇಕಾದ ಮಾತು. ಅವರು ಎರಡು ಬಗೆಯ ಕಾರ್ಡುಗಳನ್ನು ಬೇರೆಬೇರೆ ಇಡಲು ಹೇಳುತ್ತಾರೆ. ಒಂದು, ಹುಡುಕಬೇಕಾದ ಪುಸ್ತಕಗಳ ವಿವರದ ಗ್ರಂಥಸೂಚಿ ಕಾರ್ಡು. ಇನ್ನೊಂದು, ನಿಜಕ್ಕೂ ಓದಿದ್ದರ ಸಾರ, ಪುಟಸಂಖ್ಯೆಯೊಡನೆ ಉದ್ಧರಣೆ ಮತ್ತು ನಮ್ಮ ಅಭಿಪ್ರಾಯ ಇರುವ ಓದಿನ ಕಾರ್ಡು. ಮೊದಲ ರಾಶಿ ಯಾವಾಗಲೂ ದೊಡ್ಡದೇ ಇರುತ್ತದೆ, ಇರಲಿ. ಈಗ ಜೊಟೆರೋದಂಥ ಉಚಿತ ತಂತ್ರಾಂಶದಲ್ಲಿ ಇವೆರಡನ್ನೂ ಇಡಬಹುದು. ಉದ್ಧರಣೆ ಯಾವುದು, ಸ್ವಂತ ಮಾತು ಯಾವುದು ಎಂಬುದು ಮಾತ್ರ ಎದ್ದು ಕಾಣುವಂತಿರಬೇಕು. ಎರಡು ವರ್ಷದ ನಂತರ ಅವು ಬೆರೆತುಹೋದರೆ ಗೊತ್ತಿಲ್ಲದೆಯೇ ಕೃತಿಚೌರ್ಯವಾಗುತ್ತದೆ.

ಯಾವ ಲೇಖನಕ್ಕೆ ಎಷ್ಟು ಹೊತ್ತು ಎಂಬುದಕ್ಕೆ ಪುಸ್ತಕವೇ ಬೇಕಿಲ್ಲ. ಕಂಪ್ಯೂಟರ್ ವಿಜ್ಞಾನಿ ಎಸ್. ಕೇಶವ್ 2007ರಲ್ಲಿ ಬರೆದ ಪುಟ್ಟ ಬರಹ ‘ಹೌ ಟು ರೀಡ್ ಎ ಪೇಪರ್’ ಸಾಕು. ಮೊದಲ ಸುತ್ತಿನಲ್ಲಿ ಐದು-ಹತ್ತು ನಿಮಿಷ: ಶೀರ್ಷಿಕೆ, ಸಾರಾಂಶ, ಪೀಠಿಕೆ, ಉಪಶೀರ್ಷಿಕೆಗಳು, ಕೊನೆಯ ಭಾಗ. ಹೆಚ್ಚಿನವನ್ನು ಅಲ್ಲಿಗೇ ಬಿಡಬಹುದು. ಉಳಿದವಕ್ಕೆ ಒಂದು ಗಂಟೆಯವರೆಗೆ. ತೀರಾ ಮುಖ್ಯವಾದವನ್ನಷ್ಟೇ ಹೊಸಬರು ನಾಲ್ಕೈದು ಗಂಟೆ ಕೂತು ಓದಬೇಕು.

ದಾರಿ ತಪ್ಪಿದ್ದು ಹೇಗೆ ಗೊತ್ತಾಗುತ್ತದೆ? ಬರೆದ ಅಧ್ಯಾಯದ ಪ್ಯಾರಾಗಳ ಮೊದಲ ಪದಗಳನ್ನು ನೋಡಿ. ‘ರಾವ್ (2011) ಪ್ರಕಾರ’, ‘ಕುಮಾರ್ (2013) ಹೇಳುವಂತೆ’ ಎಂದೇ ಸಾಲಾಗಿ ಬಂದರೆ ಅದು ಪಟ್ಟಿಯಷ್ಟೇ. ಪ್ರತಿ ಪ್ಯಾರಾ ಒಂದು ವಾದದಿಂದ ಶುರುವಾಗಿ, ಹೆಸರುಗಳು ಅದರ ಒಳಗೆ ಬರಬೇಕು. ಓದಿದ್ದು ಸಾಕು ಎಂಬುದಕ್ಕೂ ಒಂದು ಗುರುತಿದೆ: ಹೊಸ ಲೇಖನಗಳ ಕೊನೆಯ ಆಕರಪಟ್ಟಿಯಲ್ಲಿ ಬಹುಪಾಲು ನಿಮ್ಮ ಕಾರ್ಡುಗಳಲ್ಲಿರುವ ಹೆಸರುಗಳೇ ಕಾಣತೊಡಗುತ್ತವೆ.

ಈ ಪುಸ್ತಕಗಳಿಗೂ ಮಿತಿ ಇದೆ. ಎಕೋ ಬರೆದದ್ದು ಇಟಲಿಯ ಪದವಿ ಪ್ರಬಂಧಗಳಿಗೆ, ಅದೂ ಮಾನವಿಕ ವಿಷಯಗಳಿಗೆ. ಪ್ರಯೋಗಾಲಯದಲ್ಲಿ ಪ್ರಶ್ನೆಯನ್ನು ಗೈಡ್ ಕೊಟ್ಟಿರುವುದೇ ಹೆಚ್ಚು. ವೈದ್ಯವಿಜ್ಞಾನದಲ್ಲಿ ಸಿಸ್ಟಮ್ಯಾಟಿಕ್ ರಿವ್ಯೂ ಮಾಡುವವರು ಬೆಕರ್ ಮಾತು ಕೇಳಿ ಆರಿಸಿ ಓದುವಂತಿಲ್ಲ. ಅಲ್ಲಿ ಏನನ್ನು ಬಿಟ್ಟೆವು, ಏಕೆ ಬಿಟ್ಟೆವು ಎಂಬುದಕ್ಕೂ ಲೆಕ್ಕ ಕೊಡಬೇಕು. ಸಮಾಜವಿಜ್ಞಾನ, ಇತಿಹಾಸ, ಸಾಹಿತ್ಯಗಳಲ್ಲಿ ಸಂಶೋಧನೆಗೆ ತೊಡಗಿದವರು ಮಾತ್ರ ಮುಂದಿನ ಪಿಡಿಎಫ್ ಇಳಿಸಿಕೊಳ್ಳುವ ಮೊದಲು ನಿಮ್ಮ ಲೈಬ್ರರಿಯಲ್ಲಿ ಬೆಕರ್ ಇದೆಯೇ ಎಂದು ಕೇಳಿ. ಎಂಟನೇ ಅಧ್ಯಾಯ ಓದಲು ಒಂದು ಸಂಜೆ ಸಾಕು.