ಶೇ. 71 ಎಂದರೆ ಸಿಕ್ಕಿಬಿದ್ದಂತೆ

ಫೈನಲ್ ಇಯರ್ ಪ್ರಾಜೆಕ್ಟಿನ ವೈವಾಕ್ಕೆ ಸೋಲಾರ್ ವಾಟರ್ ಹೀಟರ್ ತರುವ ತಂಡಗಳು ಮಾತಿನ ಚೀಟಿಯ ಮೊದಲ ಪುಟವನ್ನು ಸಾಮಾನ್ಯವಾಗಿ ಸೂರ್ಯನ ಹೊಗಳಿಕೆಗೇ ಮುಗಿಸಿಬಿಡುತ್ತವೆ. ಹೊರಗಿನಿಂದ ಬಂದ ಪರೀಕ್ಷಕರಿಗೆ ಅದು ಬೇಕಿಲ್ಲ. ಅವರ ಕಣ್ಣು ನೇರ ಹೋಗುವುದು ದಕ್ಷತೆಯ ಅಂಕಿಗೆ. ಚೀಟಿ ಬರೆಯಬೇಕಾದದ್ದೂ ಅಲ್ಲಿಂದಲೇ.

ಅರ್ಧ ಚದರ ಮೀಟರ್ ಕಲೆಕ್ಟರ್, 20 ಲೀಟರ್ ಟ್ಯಾಂಕ್ ಇರುವ ಒಂದು ಮಾದರಿಯನ್ನು ತೆಗೆದುಕೊಳ್ಳೋಣ. ಬೆಳಿಗ್ಗೆ 10ರಿಂದ ಮಧ್ಯಾಹ್ನ 1ರವರೆಗೆ ಕಲೆಕ್ಟರಿನ ಮೇಲೆ ಬಿದ್ದ ಬಿಸಿಲು ಚದರ ಮೀಟರಿಗೆ ಸರಾಸರಿ 700 ವಾಟ್. ಮೂರು ಗಂಟೆಗೆ ಕಲೆಕ್ಟರಿಗೆ ಸಿಕ್ಕಿದ್ದು 1.05 ಯೂನಿಟ್, ಕರೆಂಟ್ ಬಿಲ್ಲಿನಲ್ಲಿ ಬರುವ ಯೂನಿಟ್ಟೇ ಇದು. ನೀರು ಮೊದಲು 26 ಡಿಗ್ರಿ ಇತ್ತು. ಈಗ ಕಲೆಕ್ಟರಿನಿಂದ ಮೇಲೆ ಬರುವ ಪೈಪಿನಲ್ಲಿ ಥರ್ಮಾಮೀಟರ್ ಇಟ್ಟರೆ 58 ತೋರಿಸುತ್ತದೆ. 32 ಡಿಗ್ರಿ ಏರಿಕೆ, ಅಂದರೆ 0.74 ಯೂನಿಟ್ ಶಾಖ, ದಕ್ಷತೆ ಶೇ. 71! ತಂಡ ಹಿಗ್ಗುತ್ತದೆ, ಪರೀಕ್ಷಕರು ಮುಗುಳ್ನಗುತ್ತಾರೆ.

ತಪ್ಪು ಇರುವುದು ಲೆಕ್ಕದಲ್ಲಲ್ಲ, ಥರ್ಮಾಮೀಟರ್ ಇಟ್ಟ ಜಾಗದಲ್ಲಿ. ಬಿಸಿನೀರು ಹಗುರ, ಹಾಗಾಗಿ ಟ್ಯಾಂಕಿನ ಮೇಲ್ಭಾಗದಲ್ಲಿ ನಿಲ್ಲುತ್ತದೆ. ತಣ್ಣೀರು ತಳದಲ್ಲೇ ಉಳಿಯುತ್ತದೆ. ಮೇಲೆ 52, ನಡುವೆ 46, ತಳದಲ್ಲಿ 34 ಎಂದು ಮೂರು ಕಡೆ ಅಳೆದರೆ ಸರಾಸರಿ 44. ನಿಜವಾದ ಏರಿಕೆ 18 ಡಿಗ್ರಿ ಮಾತ್ರ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಏರಿಸಲು 4.19 ಕಿಲೋಜೂಲ್ ಬೇಕು. 20 ಲೀಟರಿಗೆ 18 ಡಿಗ್ರಿ ಎಂದರೆ ಸುಮಾರು 1,500 ಕಿಲೋಜೂಲ್, ಅಂದರೆ 0.42 ಯೂನಿಟ್. ದಕ್ಷತೆ ಶೇ. 40. ಅಂಕಿ ಚಿಕ್ಕದಾಯಿತು ನಿಜ, ಆದರೆ ಮುಂದಿನ ಪ್ರಶ್ನೆಗೆ ಕುಸಿಯುವುದಿಲ್ಲ. ಉಳಿದ ಶೇ. 60 ಎಲ್ಲಿ ಹೋಯಿತು ಎಂದರೆ ಗಾಜಿನಿಂದ ಪ್ರತಿಫಲಿಸಿದ ಬೆಳಕು, ಗಾಜು, ಪೆಟ್ಟಿಗೆ, ಪೈಪುಗಳಿಂದ ಸೋರಿದ ಶಾಖ ಎಂದು ಹೇಳಲು ಒಂದು ಸಾಲು ಸಾಕು.

ವೈವಾ ಕೋಣೆಯೊಳಗೆ ನಡೆದರೆ ಬಿಸಿಲಿರುವುದಿಲ್ಲ. ಹ್ಯಾಲೊಜೆನ್ ದೀಪದ ಕೆಳಗೆ ಹತ್ತು ನಿಮಿಷದಲ್ಲಿ 20 ಲೀಟರ್ ನೀರು ಹೇಳಿಕೊಳ್ಳುವಷ್ಟು ಬಿಸಿಯಾಗದು. ಹಾಗಾಗಿ ಶಾಖದ ಲೆಕ್ಕಕ್ಕೆ ಬಿಸಿಲಲ್ಲಿ ತೆಗೆದ ಅಂಕಿಗಳ ಪಟ್ಟಿ ಇಟ್ಟುಕೊಂಡು, ದೀಪದ ಕೆಳಗೆ ಹರಿವನ್ನು ಮಾತ್ರ ತೋರಿಸುವುದು ಜಾಣತನ. ಪಾರದರ್ಶಕ ಪೈಪಿಗೆ ಎರಡು ಹನಿ ಬಣ್ಣ ಬಿಟ್ಟರೆ, ಪಂಪಿಲ್ಲದೆಯೇ ನೀರು ಮೇಲೇರುವುದು ಕಣ್ಣಿಗೇ ಕಾಣುತ್ತದೆ.

ಬಣ್ಣ ನಿಂತಲ್ಲೇ ನಿಂತರೆ? ಕಲೆಕ್ಟರಿನ ಮೇಲ್ತುದಿ ಮುಟ್ಟಲಾಗದಷ್ಟು ಬಿಸಿ, ಟ್ಯಾಂಕ್ ಮಾತ್ರ ತಣ್ಣಗೆ ಎಂದಾದರೆ ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡಿರುವ ಸಾಧ್ಯತೆಯೇ ಹೆಚ್ಚು. ಬಿಸಿನೀರಿನ ಪೈಪು ಎಲ್ಲಿಯೂ ಬಗ್ಗದೆ ಟ್ಯಾಂಕಿನವರೆಗೆ ಏರುತ್ತಲೇ ಹೋಗಬೇಕು. ನಡುವೆ ಒಂದು ಗೂನು ಇದ್ದರೂ ಗುಳ್ಳೆ ಅಲ್ಲೇ ಕೂರುತ್ತದೆ. ವೈವಾದ ಹಿಂದಿನ ದಿನವೇ ಪೈಪಿನ ಓಟವನ್ನು ನೋಡಿ, ಬೇಕಾದಲ್ಲಿ ಕ್ಲಾಂಪ್ ಎತ್ತಿ ಕಟ್ಟಬೇಕು.